ಐಇಎಲ್‌ಟಿಎಸ್ ಲಿಸನಿಂಗ್ ನಾಲ್ಕನೇ ಭಾಗ: ಅಂಕಿ, ಸ್ಪೆಲಿಂಗ್, ಯೂನಿಟ್ ಎಲ್ಲಿ ಕೈತಪ್ಪುತ್ತದೆ?

ರೂಪಾ, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಬೇಕು ಅಂತ ತಯಾರಿ ನಡೆಸಿದ್ದೇನೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಲಿಸನಿಂಗ್‌ನಲ್ಲಿ 7 ಬೇಕು. ಅಂದರೆ 40 ಪ್ರಶ್ನೆಗಳಲ್ಲಿ ಹೆಚ್ಚುಕಮ್ಮಿ 30 ಸರಿ ಇರಬೇಕು.

ನನ್ನ ತೊಂದರೆ ಇಷ್ಟು. ನಾಲ್ಕನೇ ಭಾಗದಲ್ಲಿ ಒಬ್ಬರೇ ಮಾತಾಡುತ್ತಾ ಹೋಗುತ್ತಾರೆ, ಎದುರಿಗೆ ನೋಟ್ಸ್ ಇರುತ್ತದೆ, ಖಾಲಿ ಜಾಗ ತುಂಬಬೇಕು. ರೆಕಾರ್ಡಿಂಗ್ ಒಂದೇ ಸಲ. ಭಾಷಣ ನನಗೆ ಅರ್ಥ ಆಗುತ್ತದೆ. ಏನು ಹೇಳಿದರು ಅಂತ ಕೇಳಿದರೆ ಕನ್ನಡದಲ್ಲಿ ಪೂರ್ತಿ ಹೇಳಬಲ್ಲೆ. ಆದರೂ ಉತ್ತರ ನೋಡಿದಾಗ ಅಂಕಿ ತಪ್ಪು, ಇಲ್ಲಾ ಸ್ಪೆಲಿಂಗ್ ತಪ್ಪು, ಇಲ್ಲಾ ಯೂನಿಟ್ ಎರಡು ಸಲ ಬರೆದಿರುತ್ತೇನೆ. ನಮ್ಮ ಹಾಸ್ಟೆಲ್‌ನಲ್ಲಿ ಜೊತೆಗೆ ಓದುವವರದ್ದೂ ಇದೇ ಕಥೆ. ಕಂಪ್ಯೂಟರ್ ಪರೀಕ್ಷೆ ಬುಕ್ ಮಾಡಿದ್ದೇನೆ. ಜಾಸ್ತಿ ಕೇಳಿ ಅಭ್ಯಾಸ ಮಾಡಿ ಅಂತ ಮಾತ್ರ ಹೇಳಬೇಡಿ, ಅದು ನಡೆದೇ ಇದೆ. ಯಾವ ಜಾಗದಲ್ಲಿ ಕಿವಿ ಮೋಸ ಹೋಗುತ್ತದೆ ಅನ್ನೋದು ಬೇಕು.

ಕಿರಣ್, ರಾಜಾಜಿನಗರ

ರೂಪಾ ಅವರೇ, ಅಂಕಿಗೆ ಒಂದು ಸುಲಭದ ದಾರಿ ಇದೆ. ಥರ್ಟೀನ್, ಫೋರ್ಟೀನ್, ಫಿಫ್ಟೀನ್ ಅನ್ನುವಾಗ ಒತ್ತು ಕೊನೆಗೆ ಬೀಳುತ್ತದೆ. ಥರ್ಟಿ, ಫೋರ್ಟಿ, ಫಿಫ್ಟಿ ಅನ್ನುವಾಗ ಮೊದಲಿಗೆ ಬೀಳುತ್ತದೆ. ಒತ್ತು ಎಲ್ಲಿ ಅಂತ ಹಿಡಿದರೆ ಸಾಕು. ನಾನು ಕೋಚಿಂಗ್‌ನಲ್ಲಿ ಕಲಿತಿದ್ದು ಇದೇ.

ಸ್ಪೆಲಿಂಗ್‌ಗೆ ಬಾಯಿಪಾಠ ಬಿಟ್ಟು ಬೇರೆ ದಾರಿ ಇಲ್ಲ.

ಮಂಜು, ಲ್ಯಾಬ್ ಟೆಕ್ನೀಷಿಯನ್

ನಮ್ಮಲ್ಲಿ ಫೋನಿನಲ್ಲಿ ರಿಪೋರ್ಟ್ ಹೇಳುವಾಗ ಇದೇ ಸಮಸ್ಯೆ ಅಕ್ಕ. ಪೊಟ್ಯಾಶಿಯಂ, ಹಿಮೋಗ್ಲೋಬಿನ್ ಎಲ್ಲ ವಾರ್ಡ್‌ಗೆ ಫೋನ್ ಮಾಡಿ ಹೇಳುತ್ತೇವೆ. ಫಿಫ್ಟೀನ್ ಅಂತ ಹೇಳಿ ಬಿಡಲ್ಲ, "ಒನ್ ಫೈವ್, ಫಿಫ್ಟೀನ್" ಅಂತ ಎರಡು ಥರ ಹೇಳುತ್ತೇವೆ. ಆ ಕಡೆಯ ಸಿಸ್ಟರ್ ಬರೆದುಕೊಂಡು ವಾಪಸ್ ಓದಿ ಹೇಳಬೇಕು. ಯೂನಿಟ್ ಸಮೇತ. ಓದಿ ಹೇಳುವವರೆಗೂ ನಾವು ಫೋನ್ ಇಡಲ್ಲ. ನೀವೂ ಹಾಗೆ ಮಾಡಿ, ಅನುಮಾನ ಬಂದರೆ ಇನ್ನೊಂದು ಸಲ ಕೇಳಿ ಬರೆದುಕೊಳ್ಳಿ.

ರೂಪಾ, ವಿಜಯನಗರ

ಮಂಜು, ಡ್ಯೂಟಿಯಲ್ಲಿ ನಾನೂ ವಾಪಸ್ ಓದಿ ಹೇಳುತ್ತೇನೆ. ಪರೀಕ್ಷೆಯಲ್ಲಿ ವಾಪಸ್ ಕೇಳೋಕೆ ಯಾರೂ ಇರಲ್ವಲ್ಲ. ಒಂದೇ ಸಲ ಬರುತ್ತದೆ, ನಿಲ್ಲಿಸೋಕೂ ಆಗಲ್ಲ.

ಶ್ರೀನಿವಾಸ, ಗಾಂಧಿಬಜಾರ್

ರೂಪಾ, ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಈಗ ಮನೆಯಲ್ಲಿ ಕೆಲವರಿಗೆ ಲಿಸನಿಂಗ್ ಹೇಳಿಕೊಡುತ್ತೇನೆ. ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ನೋಟ್ಸ್ ಮಾಡಿ ನೋಡೋಣ. ಇಂಗ್ಲೆಂಡಿನ ಎಡಿಸ್ಟೋನ್ ದೀಪಸ್ತಂಭದ ಬಗ್ಗೆ ಒಂದು ಚಿಕ್ಕ ಭಾಷಣ ಬರೆದು, ಮೆಲ್ಬರ್ನ್‌ನಲ್ಲಿರುವ ಪರಿಚಯದವರೊಬ್ಬರಿಂದ ಓದಿಸಿ ಇಟ್ಟುಕೊಂಡಿದ್ದೇನೆ. ಆಡಿಯೋ ಗುಂಪಿಗೆ ಹಾಕಿದ್ದೇನೆ. ಮೊದಲು ಈ ನೋಟ್ಸ್ ಅರ್ಧ ನಿಮಿಷ ಓದಿ, ಆಮೇಲೆ ಒಂದೇ ಸಲ ಕೇಳಿ, ಉತ್ತರ ಇಲ್ಲಿ ಹಾಕಿ. ಎರಡನೇ ಸಲ ಕೇಳಬೇಡಿ.

```
EDDYSTONE LIGHTHOUSE
Write ONE WORD AND/OR A NUMBER for each answer.

Rocks: 31 ______ km south of Rame Head
First tower: lit in 32 ______
Smeaton's tower:
  shape based on an 33 ______ tree
  outer stone: 34 ______
  light from 35 ______ candles
Present tower: 36 ______ metres high
```

ರೂಪಾ, ವಿಜಯನಗರ

ಕೇಳಿದೆ ಸರ್. ನನ್ನದು: `14`, `1696`, `oak`, `granit`, `24`, `49 metres`.

ಕಿರಣ್, ರಾಜಾಜಿನಗರ

`40`, `1698`, `oak`, `granite`, `24`, `49`. ಎಲ್ಲ ಸರಿ ಇರಬೇಕು.

ಸುಮಾ, ಮಲ್ಲೇಶ್ವರಂ

ನಾನೂ ಸೇರಿಕೊಳ್ಳುತ್ತೇನೆ. `14`, `1698`, `oak tree`, `granite`, `24`, `49`.

ಶ್ರೀನಿವಾಸ, ಗಾಂಧಿಬಜಾರ್

ಚೆನ್ನಾಗಿದೆ. ಮೂರು ಜನ ಮೂರು ಬೇರೆ ಬೇರೆ ಜಾಗದಲ್ಲಿ ಬಿಟ್ಟಿದ್ದೀರಿ. ಒಂದೊಂದಾಗಿ ನೋಡೋಣ.

31ನೆಯದು ಮೊದಲು. ರೆಕಾರ್ಡಿಂಗ್‌ನಲ್ಲಿ ಬಂದದ್ದು ಹೀಗೆ: "ನೈನ್ ಮೈಲ್ಸ್, ಅಬೌಟ್ ಫೋರ್ಟೀನ್ ಕಿಲೋಮೀಟರ್ಸ್." ಕಿರಣ್ 40 ಬರೆದಿದ್ದಾರೆ. ಅವರ ಕಿವಿ ಸರಿಯಾಗಿಯೇ ಕೇಳಿದೆ, ನಂಬಿದ ನಿಯಮ ಅರ್ಧ ಮಾತ್ರ. ಫೋರ್ಟೀನ್ ಅನ್ನೋದನ್ನು ಒಂಟಿಯಾಗಿ ಹೇಳಿದರೆ, ಅಥವಾ ವಾಕ್ಯದ ಕೊನೆಗೆ ಹೇಳಿದರೆ, ಒತ್ತು ಕೊನೆಗೆ ಬೀಳುತ್ತದೆ. ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ಪದ ಬಂದು, ಆ ಪದದ ಮೊದಲಲ್ಲಿ ಒತ್ತು ಇದ್ದರೆ, ಸಂಖ್ಯೆಯ ಒತ್ತು ಹಿಂದಕ್ಕೆ ಸರಿಯುತ್ತದೆ. ಒತ್ತು "ಫೋರ್" ಮೇಲೆ ಬೀಳುತ್ತದೆ, ಆಮೇಲೆ "ಕಿಲೋ" ಮೇಲೆ. ಈಗ ಅದು ಫೋರ್ಟಿಯ ಹಾಗೇ ಕೇಳುತ್ತದೆ. ನೋಟ್ಸ್‌ನಲ್ಲಿ ಸಂಖ್ಯೆಯ ಪಕ್ಕದಲ್ಲಿ ಜಾಸ್ತಿ ಬರೋದೇ ಕಿಲೋಮೀಟರ್, ಮಿನಿಟ್ಸ್, ಪೀಪಲ್ ಇಂಥ ಪದಗಳು. ಹಾಗಾಗಿ ಒತ್ತಿನ ನಿಯಮ ಬೇಕಾದ ಜಾಗದಲ್ಲೇ ಕೈಕೊಡುತ್ತದೆ.

ಒತ್ತಿನ ಬದಲು ಎರಡು ವಿಷಯ ಕೇಳಿ. ಒಂದು, ಕೊನೆಯ ಸ್ವರದ ಉದ್ದ ಮತ್ತು ಅದಾದ ಮೇಲೆ ಬರುವ ಅನುನಾಸಿಕ. "ಟೀ" ಎಳೆದು, ಮೂಗಿನಲ್ಲಿ ಮುಗಿದರೆ 14. ಕಿಲೋಮೀಟರ್‌ನ "ಕ" ಮುಂದೆ ಇರುವಾಗ ಆ "ನ್" ಸರಿಯಾಗಿ "ನ್" ಅಂತ ಕೇಳಲ್ಲ, "ಙ್" ಥರ ಆಗುತ್ತದೆ. ಮಿನಿಟ್ಸ್ ಮುಂದೆ ಇದ್ದರೆ "ಮ್" ಜೊತೆ ಸೇರಿಹೋಗುತ್ತದೆ. ಸ್ಪಷ್ಟವಾದ "ನ್" ಬರಲಿ ಅಂತ ಕಾಯುವವರಿಗೆ ಅದು ಸಿಗಲ್ಲ. ಎರಡು, ನಡುವಿನ "ಟ". ಫೋರ್ಟೀನ್‌ನ "ಟ" ಗಟ್ಟಿ, ಸ್ವಲ್ಪ ಉಸಿರಿನ ಜೊತೆ ಬರುತ್ತದೆ. ಫೋರ್ಟಿಯ "ಟ" ಅನ್ನು ಆಸ್ಟ್ರೇಲಿಯಾ, ಅಮೆರಿಕದವರು ಮೆತ್ತಗೆ ಮಾಡಿ "ಫೋಡಿ", "ಫೋರ್ಡಿ" ಅಂತಾರೆ. ಬ್ರಿಟಿಷ್ ದನಿಯಲ್ಲಿ ಈ ಗುರುತು ಅಷ್ಟು ನಂಬಿಕೆಯದಲ್ಲ, ಅಲ್ಲಿ ಫೋರ್ಟಿಯ "ಟ"ನೂ ಗಟ್ಟಿಯಾಗಿ ಬರಬಹುದು. ಆಗ ಸ್ವರದ ಉದ್ದವೇ ಗತಿ.

ಇನ್ನೊಂದು ಸಹಾಯ ಈ ವಾಕ್ಯದಲ್ಲೇ ಇತ್ತು. ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಒಂಬತ್ತು ಮೈಲಿ ನಲವತ್ತು ಕಿಲೋಮೀಟರ್ ಆಗೋಕೆ ಸಾಧ್ಯ ಇಲ್ಲ.

ಕಿರಣ್, ರಾಜಾಜಿನಗರ

ಸರ್, ಆಡಿಯೋ ಮತ್ತೆ ಹಾಕಿ ಕೇಳಿದೆ. ಈಗ "ಟೀಙ್ ಕಿಲೋ" ಕೇಳಿಸಿತು. ಆದರೆ ಪರೀಕ್ಷೆಯಲ್ಲಿ ಇಷ್ಟೆಲ್ಲ ಯೋಚಿಸೋಕೆ ಟೈಮ್ ಎಲ್ಲಿದೆ? ನನ್ನ ಪ್ರಕಾರ ಒತ್ತಿನ ನಿಯಮ ಒಂದನೇ ಭಾಗಕ್ಕೆ ಸಾಕು. ಅಲ್ಲಿ ನಿಧಾನವಾಗಿ ಹೇಳುತ್ತಾರೆ.

ಶ್ರೀನಿವಾಸ, ಗಾಂಧಿಬಜಾರ್

ಒಂದನೇ ಭಾಗದಲ್ಲೂ "ಫಿಫ್ಟೀನ್ ಪೌಂಡ್ಸ್" ಅಂತಾನೇ ಬರುತ್ತದೆ ಕಿರಣ್. ಯೋಚಿಸೋದು ಪರೀಕ್ಷೆಯಲ್ಲಿ ಅಲ್ಲ, ಮನೆಯಲ್ಲಿ. 13ರಿಂದ 19, 30ರಿಂದ 90, ಇವುಗಳ ಜೊತೆ ಒಂದೊಂದು ಯೂನಿಟ್ ಸೇರಿಸಿ ಯಾರಿಂದಾದರೂ ಓದಿಸಿ ಬರೆಯಿರಿ. ಒಂಟಿ ಸಂಖ್ಯೆ ಓದಿಸಿ ಬರೆಯೋದು ಈ ಕೆಲಸಕ್ಕೆ ಬರಲ್ಲ.

32ಕ್ಕೆ ಬರೋಣ. ರೂಪಾ 1696 ಬರೆದಿದ್ದಾರೆ. ರೆಕಾರ್ಡಿಂಗ್‌ನ ಮಾತು: ಮೊದಲ ಗೋಪುರ ಕಟ್ಟಿದ ವಿನ್‌ಸ್ಟನ್ಲಿ ಸಿಕ್ಸ್‌ಟೀನ್ ನೈಂಟಿ ಸಿಕ್ಸ್‌ನಲ್ಲಿ ಕೆಲಸ ಶುರು ಮಾಡಿದ, ಆದರೆ ಆ ಗೋಪುರದಿಂದ ಬೆಳಕು ಹೊರಬಿದ್ದದ್ದು "ನವೆಂಬರ್ ನೈಂಟಿ ಏಟ್"ನಲ್ಲಿ. ನೋಟ್ಸ್‌ನಲ್ಲಿ `lit` ಅಂತ ಇದೆ. ಭಾಷಣದಲ್ಲಿ ಆ ಪದವೇ ಬರಲಿಲ್ಲ, "ಎ ಲೈಟ್ ಶೋನ್" ಅಂತ ಬಂತು. ಮೊದಲ ಇಸವಿ ಪೂರ್ತಿಯಾಗಿ, ಚಂದವಾಗಿ ಕೇಳಿಸಿತು. ಎರಡನೆಯದರಲ್ಲಿ "ಸಿಕ್ಸ್‌ಟೀನ್" ಬಿಟ್ಟುಹೋಯಿತು. ಪ್ರಶ್ನೆ ಮಾಡುವವರು ಹೀಗೇ ಹೆಣೆಯುತ್ತಾರೆ. ಬೇಡದ ಅಂಕಿ ಮೊದಲು ಮತ್ತು ಜೋರಾಗಿ ಬರುತ್ತದೆ, ಬೇಕಾದದ್ದು "ಬಟ್" ಆದಮೇಲೆ ಬರುತ್ತದೆ.

ಅದಕ್ಕೆ ಭಾಷಣ ಶುರುವಾಗುವ ಮುಂಚೆ ಸಿಗುವ ಸಮಯದಲ್ಲಿ ಖಾಲಿ ಜಾಗದ ಪಕ್ಕದ ಕ್ರಿಯಾಪದ ನೋಡಿ. ಇಸವಿ ಬೇಕು ಅಂತ ಗೊತ್ತಾದರೆ ಸಾಲದು. ಯಾವುದರ ಇಸವಿ? ಕಟ್ಟೋಕೆ ಶುರು ಮಾಡಿದ್ದಾ, ದೀಪ ಹಚ್ಚಿದ್ದಾ, ಬಿದ್ದುಹೋಗಿದ್ದಾ? ಆ ಮೊದಲ ಗೋಪುರ 1703ರ ಬಿರುಗಾಳಿಯಲ್ಲಿ ಕೊಚ್ಚಿಹೋಯಿತು, ಆ ಇಸವಿಯೂ ಮುಂದಿನ ವಾಕ್ಯದಲ್ಲೇ ಇತ್ತು. ಮೂರು ಇಸವಿ ಒಂದರ ಹಿಂದೆ ಒಂದು ಬಂದಾಗ ಕ್ರಿಯಾಪದ ಒಂದೇ ದಾರಿ ತೋರಿಸೋದು.

ರೂಪಾ, ವಿಜಯನಗರ

ಸರಿಯಾಗಿ ಹೇಳಿದಿರಿ ಸರ್. ನಾನು ಇಸವಿ ಬರುತ್ತದೆ ಅಂತ ಕಾಯುತ್ತಿದ್ದೆ, ಬಂದ ತಕ್ಷಣ ಟೈಪ್ ಮಾಡಿಬಿಟ್ಟೆ. ಟೈಪ್ ಮಾಡುವ ಹೊತ್ತಿಗೆ ನೈಂಟಿ ಏಟ್ ಹೋಗಿಬಿಟ್ಟಿತ್ತು. ಹಾಗಾದರೆ ತಡೆದು ಬರೆಯಬೇಕಾ? ತಡೆದರೆ ಮರೆತುಹೋಗುತ್ತದೆ.

ಸುಮಾ, ಮಲ್ಲೇಶ್ವರಂ

ತಡೀಬೇಡಿ ಅಂತ ನಾನು ಹೇಳುತ್ತೇನೆ. ಮೊದಲ ಅಂಕಿ ಬರೆದುಕೊಳ್ಳಿ, ಬದಲಾದರೆ ಅಳಿಸಿ ಇನ್ನೊಂದು ಹಾಕಿ. ನಾನು ಕಾಗದದ ಪರೀಕ್ಷೆ ಬರೆದವಳು. ಎರಡೂ ಅಂಕಿ ಪಕ್ಕಪಕ್ಕ ಗೀಚಿಕೊಂಡು, ಕೊನೆಗೆ ಕೊಡುವ 10 ನಿಮಿಷದಲ್ಲಿ ಒಂದನ್ನು ಆರಿಸಿ ಉತ್ತರ ಪತ್ರಿಕೆಗೆ ಇಳಿಸುತ್ತಿದ್ದೆ.

ಶ್ರೀನಿವಾಸ, ಗಾಂಧಿಬಜಾರ್

ಸುಮಾ ಹೇಳಿದ್ದು ಕಾಗದಕ್ಕೆ ಸರಿ. ರೂಪಾ ಅವರದ್ದು ಕಂಪ್ಯೂಟರ್. ಅಲ್ಲಿ ಆ 10 ನಿಮಿಷ ಇಲ್ಲ, ಕೊನೆಗೆ ನೋಡಿಕೊಳ್ಳೋಕೆ 2 ನಿಮಿಷ ಮಾತ್ರ. ನಾನು ಹೇಳೋದು ಏನೆಂದರೆ, ಮೊದಲ ಅಂಕಿ ಬಂದಾಗ ಕೊನೆಯ ಎರಡು ಅಂಕಿ ಮಾತ್ರ ಒತ್ತಿ, `96`. ಕಣ್ಣು ಕೀಬೋರ್ಡ್ ಮೇಲೆ ಹೋಗಬಾರದು. ವಾಕ್ಯ ಮುಗಿಯುವವರೆಗೆ ಮುಂದಿನ ಖಾಲಿ ಜಾಗಕ್ಕೆ ಜಿಗಿಯಬೇಡಿ. ಬದಲಾದರೆ `98` ಮಾಡಿ, ಉಸಿರು ಸಿಕ್ಕಾಗ ಮುಂದೆ `16` ಸೇರಿಸಿ. ಬರೀ `98` ಬಿಟ್ಟರೆ ಅದು ಇಸವಿ ಆಗಲ್ಲ.

ಸುಮಾ, ಮಲ್ಲೇಶ್ವರಂ

ಎರಡು ಅಂಕಿ ಹಾಕಿ ಆಮೇಲೆ ತುಂಬುತ್ತೇನೆ ಅಂತ ಮರೆತರೆ? ನನಗೆ ಇದು ಒಪ್ಪಿಗೆ ಇಲ್ಲ ಸರ್. ಪೂರ್ತಿ ಬರೆಯೋದೇ ಕ್ಷೇಮ.

ಅದಿರಲಿ, ನನ್ನ `oak tree` ಯಾಕೆ ತಪ್ಪು? ಮರ ಸರಿಯಾಗೇ ಹಿಡಿದಿದ್ದೇನಲ್ಲ.

ಶ್ರೀನಿವಾಸ, ಗಾಂಧಿಬಜಾರ್

ಮರ ಸರಿ, ಲೆಕ್ಕ ತಪ್ಪು ಸುಮಾ. ಸೂಚನೆಯಲ್ಲಿ ಒಂದು ಪದ, ಒಂದು ಸಂಖ್ಯೆ, ಅಥವಾ ಎರಡೂ ಅಂತಿದೆ. ಎರಡು ಪದ ಬರೆದರೆ ಮಿತಿ ಮೀರಿತು. ಮಿತಿ ಮೀರಿದರೆ ಅಂಕ ಇಲ್ಲ. `tree` ಅಲ್ಲೇ ಅಚ್ಚಾಗಿದೆ ಬೇರೆ. ನೀವು ಬರೆದದ್ದು ಸೇರಿಸಿ ಓದಿದರೆ "ಓಕ್ ಟ್ರೀ ಟ್ರೀ" ಆಗುತ್ತದೆ. ಖಾಲಿ ಜಾಗದ ಹಿಂದೆ `an` ಇದೆ ನೋಡಿ, ಅದರಿಂದಲೇ ಸ್ವರದಿಂದ ಶುರುವಾಗುವ ಪದ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಅಲ್ಲಿ `pine` ಕೇಳಿಸಿದರೂ ಕೈ ಮುಟ್ಟಬಾರದು.

ರೂಪಾ ಅವರ `49 metres` ಕೂಡ ಇದೇ ಜಾತಿ. ಅಚ್ಚಾದ ಯೂನಿಟ್ ಮತ್ತೆ ಬರೆಯಬಾರದು.

ಯೂನಿಟ್ ಅಚ್ಚಾಗಿದ್ದರೆ ಅದರ ನಿಜವಾದ ಉಪಯೋಗ ಬೇರೆ ಇದೆ. 31ರಲ್ಲಿ ಎರಡು ಸಂಖ್ಯೆ ಬಂತು, 9 ಮತ್ತು 14. ಎರಡೂ ಸರಿಯಾದ ದೂರವೇ. ಯಾವುದು ಬೇಕು ಅಂತ ಹೇಳಿದ್ದು `km` ಮಾತ್ರ. ಅದನ್ನು ಮೊದಲೇ ನೋಡಿಟ್ಟುಕೊಂಡವರಿಗೆ ಮೈಲಿ ಕೇಳಿದಾಗ ಕೈ ಓಡಲ್ಲ. 36ರಲ್ಲೂ ಅಷ್ಟೇ. ಈಗಿನ ಗೋಪುರ 1882ರದ್ದು, 49 ಮೀಟರ್ ಅಂತ ಬಂತು. `metres` ನೋಡಿದ್ದರೆ 1882 ತಾನಾಗೇ ಬಿದ್ದುಹೋಗುತ್ತದೆ.

ಮಂಜು, ಲ್ಯಾಬ್ ಟೆಕ್ನೀಷಿಯನ್

ಸರ್, ನಮ್ಮಲ್ಲಿ ಯೂನಿಟ್ ಬರೆಯದೆ ಬರೀ ನಂಬರ್ ಬರೆದರೆ ರಿಪೋರ್ಟೇ ವಾಪಸ್. ಇಲ್ಲಿ ಬರೆದರೆ ತಪ್ಪಾ?

ಶ್ರೀನಿವಾಸ, ಗಾಂಧಿಬಜಾರ್

ಅಚ್ಚಾಗಿದ್ದರೆ ಬರೆಯಬಾರದು ಮಂಜು. ಅಚ್ಚಾಗಿಲ್ಲದಿದ್ದರೆ ಬರೆಯಬೇಕು. `Height: ______` ಅಂತ ಮಾತ್ರ ಇದ್ದರೆ ಬರೀ 49 ಅಂದರೆ ಏನು, ಅಡಿಯಾ ಮೀಟರಾ? ಆಗ `49 metres`. ಒಂದು ಸಂಖ್ಯೆ, ಒಂದು ಪದ, ಮಿತಿಯೊಳಗೇ ಇದೆ.

ಇಲ್ಲಿ ಕನ್ನಡದವರು ಒಂದು ಅಕ್ಷರ ಬಿಡುತ್ತಾರೆ, ಕೊನೆಯ `s`. ನಾವು ಐವತ್ತು ಮೀಟರ್ ಬಟ್ಟೆ, ಎರಡು ಕಿಲೋಮೀಟರ್ ನಡಿಗೆ ಅಂತೀವಿ. ಮೀಟರ್‌ಗಳು ಅನ್ನಲ್ಲ. ಆ ಅಭ್ಯಾಸ ಹಾಗೇ ಇಂಗ್ಲಿಷಿಗೆ ಬಂದು `49 metre` ಆಗುತ್ತದೆ. ಮಾತಿನಲ್ಲಿ ಆ "ಸ್" ತೀರಾ ಸಣ್ಣದು, ಕಿವಿಗೆ ಬಿದ್ದರೂ ಬೀಳದ ಹಾಗೆ ಇರುತ್ತದೆ. ಸಂಖ್ಯೆ ಒಂದಕ್ಕಿಂತ ಜಾಸ್ತಿ ಇದ್ದರೆ ಯೂನಿಟ್ ಬರೆದಾದ ಮೇಲೆ ಒಮ್ಮೆ ಕೊನೆಯ ಅಕ್ಷರ ನೋಡಿ.

ರೂಪಾ, ವಿಜಯನಗರ

ಸರ್ ಇನ್ನು `granit`. ನಾನು ಕೇಳಿದ್ದೇ ಹಾಗೆ. "ಗ್ರಾನಿಟ್" ಅಂದರು. ಯಾವುದೋ ಗೊತ್ತಿಲ್ಲದ ಕಲ್ಲು ಅಂದುಕೊಂಡೆ.

ಶ್ರೀನಿವಾಸ, ಗಾಂಧಿಬಜಾರ್

ನೀವು ಕೇಳಿದ್ದು ಸರಿ. ಅವರು ಹೇಳೋದೇ "ಗ್ರಾನಿಟ್". ಜಿಗಣಿಯಲ್ಲಿ ಪಾಲಿಶ್ ಆಗಿ ಬಂದು ನಮ್ಮ ಅಡುಗೆಮನೆ ಕಟ್ಟೆಗೆ ಕೂರುವ ಗ್ರಾನೈಟೇ ಅದು. ನಮ್ಮ ಬಾಯಲ್ಲಿ "ನೈಟ್", ಅವರ ಬಾಯಲ್ಲಿ "ನಿಟ್". ದಿನಾ ಬಳಸುವ ಪದವೇ ಅವರ ದನಿಯಲ್ಲಿ ಬಂದಾಗ ಗುರುತು ಸಿಗಲ್ಲ, ಆಗ ಕೇಳಿದ ಹಾಗೆ ಅಕ್ಷರ ಜೋಡಿಸುತ್ತೇವೆ. ಹೀಗಾಗಿ ಬಾಯಿಪಾಠಕ್ಕಿಂತ ಇದು ಬೇರೆ ಕೆಲಸ ಕಿರಣ್. ರೂಪಾ ಅವರಿಗೆ `granite` ಬರೆಯೋಕೆ ಬರುತ್ತದೆ. ಅದು ಗ್ರಾನೈಟ್ ಅಂತ ಗೊತ್ತಾಗಲಿಲ್ಲ, ಅಷ್ಟೇ.

ಇಂಥ ಪದಗಳದ್ದೊಂದು ಪಟ್ಟಿ ಮಾಡಿಕೊಳ್ಳಿ. `vegetable` ಅವರ ಬಾಯಲ್ಲಿ "ವೆಜ್ಟಬಲ್", `comfortable` "ಕಂಫ್ಟಬಲ್". ಬರೆಯುವಾಗ ನಡುವಿನ ಅಕ್ಷರ ನುಂಗಿಹೋಗೋದು ಇದಕ್ಕೇ. ಅಂದ ಹಾಗೆ ಬ್ರಿಟಿಷ್ ಸ್ಪೆಲಿಂಗ್, ಅಮೆರಿಕನ್ ಸ್ಪೆಲಿಂಗ್ ಎರಡೂ ನಡೆಯುತ್ತದೆ. `metre`, `meter` ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಸುಮಾ, ಮಲ್ಲೇಶ್ವರಂ

ಹೆಸರಿನ ಸ್ಪೆಲಿಂಗ್ ಅಕ್ಷರ ಅಕ್ಷರವಾಗಿ ಹೇಳುವಾಗಲೂ ಎಡವಟ್ಟು ಆಗುತ್ತದೆ. ಅದು ಒಂದನೇ ಭಾಗದಲ್ಲೇ ಜಾಸ್ತಿ. ನಮ್ಮ ತಂಗಿಗೆ `E` ಮತ್ತು `I` ಯಾವಾಗಲೂ ಅದಲುಬದಲು. ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾಳೆ. ಅಲ್ಲಿ "ಇ" ಅಂದರೆ `i`. ಹಾಗಾಗಿ ರೆಕಾರ್ಡಿಂಗ್‌ನಲ್ಲಿ "ಈ" ಅಂದರೆ ಬೆರಳು `i`ಗೆ ಹೋಗುತ್ತದೆ.

ಶ್ರೀನಿವಾಸ, ಗಾಂಧಿಬಜಾರ್

ಇದು ಒಳ್ಳೆಯ ಗಮನ ಸುಮಾ. ನನ್ನ ಹತ್ತಿರ ಬರುವವರಲ್ಲೂ ನೋಡಿದ್ದೇನೆ. ಆಸ್ಟ್ರೇಲಿಯಾ ದನಿ ಇದ್ದರೆ ಇದು ಇನ್ನೂ ಸಿಕ್ಕಾಗುತ್ತದೆ. ಅವರ `A` ನಮಗೆ "ಐ" ಥರ ಕೇಳುತ್ತದೆ, ನಾವು `I` ಒತ್ತುತ್ತೇವೆ. `R` ಅನ್ನು ಬ್ರಿಟನ್, ಆಸ್ಟ್ರೇಲಿಯಾದ ಬಹಳ ಜನ ಬರೀ "ಆ" ಅಂತಾರೆ. ನಾವು ಕೊನೆಯ "ರ್" ಕಾಯುತ್ತಾ ಕೂರುತ್ತೇವೆ, ಅಷ್ಟರಲ್ಲಿ ಮುಂದಿನ ಎರಡು ಅಕ್ಷರ ಹೋಗಿರುತ್ತದೆ. ಸ್ಪೆಲಿಂಗ್ ಶುರುವಾಗುವ ಮುಂಚೆ ಅದೇ ಜನ ಒಂದೆರಡು ವಾಕ್ಯ ಮಾತಾಡಿರುತ್ತಾರೆ. "ಟುಡೇ", "ನೇಮ್" ಅನ್ನೋದನ್ನು ಹೇಗೆ ಹೇಳುತ್ತಾರೆ ಕೇಳಿ. "ಟುಡೈ", "ನೈಮ್" ಥರ ಇದ್ದರೆ ಮುಂದೆ ಬರುವ "ಐ" ನಿಜವಾಗಿ `A` ಇರಬಹುದು ಅಂತ ಕಿವಿ ತಯಾರಾಗಿರುತ್ತದೆ.

"ಡಬಲ್" ಅಂದ ತಕ್ಷಣ ಏನೂ ಬರೆಯಬೇಡಿ. ಮುಂದಿನದು ಕೇಳಿ. "ಡಬಲ್ ಎಲ್" ಆದರೆ `ll`. "ಡಬಲ್ ಯೂ" ಒಂದೇ ಉಸಿರಿನಲ್ಲಿ ಬಂದರೆ ಅದು `w`.

ಕಿರಣ್, ರಾಜಾಜಿನಗರ

ದೊಡ್ಡ ಸಂಖ್ಯೆ ಬಗ್ಗೆ ಯಾರೂ ಹೇಳಲಿಲ್ಲ. ಎ ಹಂಡ್ರೆಡ್ ಅಂಡ್ ಟ್ವೆಂಟಿ ಥೌಸೆಂಡ್ ಅಂದರೆ ನಾನು ಮನಸ್ಸಿನಲ್ಲೇ ಒಂದು ಲಕ್ಷ ಇಪ್ಪತ್ತು ಸಾವಿರ ಅಂತ ಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಮುಂದಿನ ಉತ್ತರ ಹೋಗಿರುತ್ತದೆ.

ಶ್ರೀನಿವಾಸ, ಗಾಂಧಿಬಜಾರ್

ಲಕ್ಷಕ್ಕೆ ತಿರುಗಿಸಲೇಬೇಡಿ. ಕೇಳಿದ ಕ್ರಮದಲ್ಲೇ ಒತ್ತಿ. ಹಂಡ್ರೆಡ್ ಅಂಡ್ ಟ್ವೆಂಟಿ ಅಂದಾಗ `120`, ಥೌಸೆಂಡ್ ಅಂದಾಗ `000`. ಎಷ್ಟು ಲಕ್ಷ ಅಂತ ಯಾರೂ ಕೇಳಲ್ಲ. ನಮ್ಮ ಅಭ್ಯಾಸದ ಹಾಗೆ `1,20,000` ಅಂತ ಅಲ್ಪವಿರಾಮ ಹಾಕಬೇಡಿ, ಹಾಕದೆ `120000` ಬರೆದುಬಿಡಿ. ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯೋಕೂ ಅವಕಾಶ ಇದೆ, ಆದರೆ `forty` ಅನ್ನು `fourty` ಅಂತ ಬರೆಯುವ ಅಪಾಯ ಯಾಕೆ? ಅಂಕಿಯಲ್ಲೇ ಬರೆಯಿರಿ.

ರೂಪಾ, ವಿಜಯನಗರ

ತುಂಬಾ ಥ್ಯಾಂಕ್ಸ್ ಸರ್, ಸುಮಾ ಅಕ್ಕ. ಹಾಸ್ಟೆಲ್‌ನಲ್ಲಿ ಇವತ್ತು ರಾತ್ರಿ ಇದೇ ಆಡಿಯೋ ಎಲ್ಲರಿಗೂ ಹಾಕುತ್ತೇನೆ. ಒಂದು ಅನುಮಾನ ಉಳಿದಿದೆ. ಯೂನಿಟ್ ಅಚ್ಚಾಗಿಲ್ಲದಾಗ `14 km` ಅಂತ ಚಿಕ್ಕದಾಗಿ ಬರೆಯಬಹುದಾ, `14 kilometres` ಅಂತ ಪೂರ್ತಿ ಬರೆಯಬೇಕಾ?

ಸುಮಾ, ಮಲ್ಲೇಶ್ವರಂ

ನಾನು ಚಿಕ್ಕದಾಗೇ ಬರೆಯುವವಳು. ಸ್ಪೆಲಿಂಗ್ ತಪ್ಪುವ ಭಯ ಇಲ್ಲ, `s` ಬಿಟ್ಟುಹೋಗುವ ಭಯವೂ ಇಲ್ಲ.

ಶ್ರೀನಿವಾಸ, ಗಾಂಧಿಬಜಾರ್

ನಾನು ಪೂರ್ತಿ ಬರೆಯಿರಿ ಅಂತ ಹೇಳಿಕೊಡುತ್ತೇನೆ. ಭಾಷಣದಲ್ಲಿ ಕೇಳಿದ ಪದವನ್ನೇ ಬರೆದರೆ ಯಾರೂ ಪ್ರಶ್ನೆ ಮಾಡೋಕೆ ಜಾಗ ಇರಲ್ಲ. ಸುಮಾ ಹೇಳಿದ್ದರಲ್ಲೂ ನ್ಯಾಯ ಇದೆ, `kilometres` ಬರೆಯುವಾಗ ನಿಮ್ಮ ಕೈ ನಡುಗುತ್ತದೆ ಅಂದರೆ `km` ನೋಡಿ. ಇತ್ತೀಚೆಗೆ ಪರೀಕ್ಷೆ ಬರೆದವರು ಯಾರಾದರೂ ಇದ್ದರೆ ಅವರು ಏನು ಬರೆದರು ಅಂತ ಇಲ್ಲಿ ಹಾಕಲಿ.